ಗಾಜಿನ ಮೇಲೊಂದು ಚುಕ್ಕಿ

ಕಾಕಾ ಅಂಗಡಿಯ ಬಾಗಿಲು ದಾಟಿ ಬಂದ ಧಾಟಿಯಲ್ಲೇ ಎಲ್ಲೋ ಎಡವಿದ್ದೇನೆಂದು ನನಗೆ ಗೊತ್ತಾಯಿತು. ಗದ್ದವನ್ನು ಎದೆಯ ಕಡೆ ಇಳಿಸಿ, ಹುಬ್ಬಿನಡಿಯಿಂದ ನನ್ನನ್ನೇ ದಿಟ್ಟಿಸುತ್ತ ಬಂದರು. ಸಿಟ್ಟಿಗೆದ್ದ ಹೋರಿ ಹಾಗೆ ಬರುತ್ತದೆ, ಇಲ್ಲವೇ ತಪ್ಪು ಕೂತ ಪ್ರೊಗ್ರೆಸಿವ್ ಕನ್ನಡಕ ಹಾಕಿಕೊಂಡವರು.

“ಏನ್ರೀ ಇದು, ಹನ್ನೆರಡು ಸಾವಿರ ಕೊಟ್ಟೇನಿ. ಓದಾಕ ಭಾರೀ ಚಲೋ ಐತಿ, ಇಲ್ಲಂತ ಅನ್ನೂದಿಲ್ಲ. ಆದ್ರ ಎದುರಿಗೆ ನಿಂತ ಬಸ್ಸಿನ ಬೋರ್ಡು ಕಾಣವಲ್ದು. ನೆಲ ನೋಡಿದ್ರ ನೀರಾಗ ತೇಲಿದಂಗ ಆಗತೈತಿ.”

ದಾಂಡೇಲಿಯ ಕಾಗದದ ಗಿರಣಿಯಲ್ಲಿ ದುಡಿದು ನಿವೃತ್ತರಾದ ಮನುಷ್ಯ. ಹಳಿಯಾಳದ ನನ್ನ ಅಂಗಡಿಗೆ ಬಸ್ಸಿನಲ್ಲಿ ಬರುತ್ತಾರೆ. ಎರಡೂ ಕಣ್ಣಿಗೆ ಮೈನಸ್ 5 ನಂಬರು, ಓದಲು ಅದಕ್ಕೆ ಪ್ಲಸ್ 2ರ ಸೇರಿಕೆ. ನಾನು ಮೊದಲು ಚೀಟಿ ತೆಗೆದು ನೋಡಿದೆ, ನಂಬರು ಸರಿಯಿತ್ತು. ಕಣ್ಣುಗಳ ನಡುವಿನ ಅಂತರ, ಅಂದರೆ ಎಲ್ಲರೂ ‘ಪಿ.ಡಿ.’ ಎನ್ನುವ ಅಳತೆ, ಬಲಕ್ಕೆ 31 ಮಿಲಿಮೀಟರ್, ಎಡಕ್ಕೆ 33. ಮತ್ತೆ ಅಳೆದೆ, ಅದೂ ಸರಿಯಿತ್ತು. ಗಾಜಿನ ಪವರನ್ನು ಯಂತ್ರಕ್ಕೆ ಹಿಡಿದೆ, ಲ್ಯಾಬಿನವರು ಕೇಳಿದ್ದನ್ನೇ ಮಾಡಿ ಕಳಿಸಿದ್ದರು. ಎಲ್ಲವೂ ಸರಿಯಿದ್ದು ಕನ್ನಡಕ ಮಾತ್ರ ತಪ್ಪು. ತಪ್ಪು ಇದ್ದದ್ದು ಚೀಟಿಯಲ್ಲಿ ಜಾಗವೇ ಇಲ್ಲದ ಒಂದು ಅಂಕಿಯಲ್ಲಿ, ಮತ್ತು ಅದನ್ನು ಬರೆದವನು ನಾನೇ.

ನಲವತ್ತು ದಾಟಿದವರಿಗೆ ಬರುವ ಚಾಳೀಸು ಎಲ್ಲರಿಗೂ ಗೊತ್ತು. ಕಣ್ಣಿನೊಳಗಿನ ಮಸೂರ ಬಿರುಸಾಗಿ ಹತ್ತಿರದ್ದಕ್ಕೆ ಬಾಗದಂತಾಗುತ್ತದೆ. ನಮ್ಮ ಅಪ್ಪಂದಿರ ಕಾಲದಲ್ಲಿ ಅದಕ್ಕೆ ಗಾಜಿನ ಕೆಳಭಾಗದಲ್ಲಿ ಅರ್ಧಚಂದ್ರದ ಗೆರೆಯಿದ್ದ ಬೈಫೋಕಲ್ ಇತ್ತು. ಗೆರೆಯ ಮೇಲೆ ದೂರ, ಕೆಳಗೆ ಓದು, ನಡುವೆ ಏನೂ ಇಲ್ಲ. 1959ರಲ್ಲಿ ಫ್ರಾನ್ಸಿನ ಎಂಜಿನಿಯರ್ ಬರ್ನಾರ್ ಮೆಟೆನಾ ರೂಪಿಸಿದ ‘ವ್ಯಾರಿಲಕ್ಸ್’ ಮಾರುಕಟ್ಟೆಗೆ ಬಂದ ಮೇಲೆ ಆ ಗೆರೆ ಮಾಯವಾಯಿತು. ಮೇಲಿನಿಂದ ಕೆಳಕ್ಕೆ ಪವರ್ ಮೆಲ್ಲಗೆ ಏರುತ್ತ ಹೋಗುವ ಗಾಜು ಅದು. ಮೇಲ್ಭಾಗದಲ್ಲಿ ದೂರದ ನೋಟ, ಕೆಳಗೆ ಓದು, ಎರಡರ ನಡುವೆ ಒಂದು ಕಿರಿದಾದ ಓಣಿ. ಗೆರೆಯೇನೋ ಹೋಯಿತು, ಅದಕ್ಕೆ ತೆರಬೇಕಾದ ಬೆಲೆ ಓಣಿಯ ಎರಡೂ ಬದಿಗೆ ಹೋಗಿ ಕೂತಿತು.

ಆ ಬೆಲೆಯ ಲೆಕ್ಕವನ್ನು 1963ರಲ್ಲಿ ಜರ್ಮನಿಯ ಮಿಂಕ್ವಿಟ್ಜ್ ಎಂಬಾತ ಬರೆದಿಟ್ಟ. ಓಣಿಯ ಉದ್ದಕ್ಕೂ ಪವರ್ ಎಷ್ಟು ಬೇಗ ಏರುತ್ತದೋ, ಅದರ ಎರಡು ಪಟ್ಟು ವೇಗದಲ್ಲಿ ಬದಿಗೆ ಮಸುಕು ಏರುತ್ತದೆ. ಕಾಕಾನ ಗಾಜನ್ನೇ ನೋಡಿ. 14 ಮಿಲಿಮೀಟರ್ ಉದ್ದದ ಓಣಿಯಲ್ಲಿ 2 ನಂಬರು ಏರಬೇಕು, ಅಂದರೆ ಮಿಲಿಮೀಟರಿಗೆ ಸುಮಾರು 0.14. ಬದಿಗೆ ಸರಿದರೆ ಮಿಲಿಮೀಟರಿಗೆ 0.28ರಂತೆ ಬೇಡದ ಸಿಲಿಂಡರ್ ಪವರ್ ಹುಟ್ಟುತ್ತದೆ. ಅರ್ಧ ನಂಬರಿನಷ್ಟು ಮಸುಕನ್ನು ಕಣ್ಣು ಹೇಗೋ ಸಹಿಸಿಕೊಳ್ಳುತ್ತದೆ ಎಂದುಕೊಂಡರೂ ನಡುಗೆರೆಯಿಂದ ಆಚೆಗೂ ಈಚೆಗೂ 1.75 ಮಿಲಿಮೀಟರ್ ಮಾತ್ರ ಉಳಿಯುತ್ತದೆ. ಒಟ್ಟು ಮೂರೂವರೆ ಮಿಲಿಮೀಟರ್ ಅಗಲದ ಹಾದಿ, ಒಂದು ಕಡಲೆಕಾಳಿಗಿಂತ ಕಿರಿದು. ಈ ಹಾದಿ ಕಣ್ಣಪಾಪೆಯ ಎದುರಿಗೇ ಬೀಳಬೇಕು.

ಇದಕ್ಕೇ ಪಿ.ಡಿ.ಯನ್ನು ‘64’ ಎಂದು ಒಟ್ಟಿಗೆ ಬರೆದರೆ ಸಾಲದು. ಮುಖದ ನಟ್ಟನಡುವೆ ಮೂಗು ಇರುವವರು ಕಡಿಮೆ. ಕಾಕಾನಿಗೆ 31 ಮತ್ತು 33. ಇದನ್ನು 32, 32 ಎಂದು ಸಮನಾಗಿ ಹಂಚಿದ್ದರೆ ಎರಡೂ ಕಣ್ಣು ಓಣಿಯ ಬದಿಗೆ ಒಂದೊಂದು ಮಿಲಿಮೀಟರ್ ಸರಿದು ನಿಲ್ಲುತ್ತಿದ್ದವು. ಇಷ್ಟನ್ನು ಈಗ ಬಹುತೇಕ ಅಂಗಡಿಯವರು ಬಲ್ಲರು. ಒಂಟಿ ನಂಬರಿನ ಕನ್ನಡಕಕ್ಕೆ ಈ ಅಡ್ಡ ಅಳತೆ ಬಹುಮಟ್ಟಿಗೆ ಸಾಕು. ಪ್ರೊಗ್ರೆಸಿವ್ ಮಾತ್ರ ಉದ್ದಕ್ಕೂ ಬದಲಾಗುವ ಗಾಜು. ಅದರ ಪವರ್ ಇರುವುದೇ ಮೇಲು-ಕೆಳಗಿನ ನಡುವೆ. ಅಂಥದಕ್ಕೆ ಅಡ್ಡ ಅಳತೆಯನ್ನಷ್ಟೇ ಕೊಟ್ಟು ಕೂತರೆ, ಬಾವಿ ಎಲ್ಲಿದೆ ಎಂದು ಹೇಳಿ ನೀರು ಎಷ್ಟು ಆಳದಲ್ಲಿದೆ ಎಂದು ಹೇಳದೆ ಹಗ್ಗ ತರಲು ಕಳಿಸಿದಂತೆ.

ಆ ಉದ್ದದ ಅಳತೆಗೆ ಫಿಟ್ಟಿಂಗ್ ಹೈಟ್ ಎನ್ನುತ್ತಾರೆ. ಫ್ರೇಮನ್ನು ಮುಖದ ಮೇಲೆ ಕೂರಿಸಿದಾಗ, ಗಾಜು ಕೂರುವ ತೋಡಿನ ಅತಿ ಕೆಳಗಿನ ಅಂಚಿನಿಂದ ಪಾಪೆಯ ನಡುಬಿಂದುವಿನವರೆಗೆ ನೆಟ್ಟಗೆ ಎಷ್ಟು ಮಿಲಿಮೀಟರ್ ಎಂಬುದೇ ಅದು. ಲ್ಯಾಬಿನವರು ಪ್ರೊಗ್ರೆಸಿವ್ ಗಾಜಿನ ಮೇಲೆ ಒಂದು ಸಣ್ಣ ಕೂಡುಗುರುತು ಮುದ್ರಿಸಿ ಕಳಿಸುತ್ತಾರೆ. ಮನುಷ್ಯ ನೆಟ್ಟಗೆ ದೂರ ನೋಡುವಾಗ ಆ ಗುರುತು ಪಾಪೆಯ ನಡುವಿಗೆ ಬರಬೇಕು. ಅದರ ಮೇಲೆ ದೂರದ ಪವರ್, ಅಲ್ಲಿಂದ ಕೆಳಕ್ಕೆ ಏರಿಕೆ ಶುರು. ನಾನು ‘24’ ಎಂದು ಬರೆದು ಕಳಿಸಿದರೆ ಲ್ಯಾಬು ಕಣ್ಣುಮುಚ್ಚಿ ಗುರುತನ್ನು ತಳದಿಂದ 24 ಮಿಲಿಮೀಟರ್ ಮೇಲೆ ಇಡುತ್ತದೆ. ಅದಕ್ಕೆ ಕಾಕಾನ ಮುಖ ಗೊತ್ತಿಲ್ಲ, ನನ್ನ ಅಂಕಿ ಮಾತ್ರ ಗೊತ್ತು.

ಲ್ಯಾಬಿನ ಮುದ್ರೆಯನ್ನು ಕನ್ನಡಕ ಕೊಡುವಾಗ ಒರೆಸಿಬಿಡುತ್ತೇವೆ. ಆದರೆ ಪ್ರತಿ ಪ್ರೊಗ್ರೆಸಿವ್ ಗಾಜಿನಲ್ಲೂ ಎಂದಿಗೂ ಅಳಿಸದ ಎರಡು ಪುಟ್ಟ ಕೆತ್ತನೆಗಳು ಇರುತ್ತವೆ, ಪರಸ್ಪರ 34 ಮಿಲಿಮೀಟರ್ ದೂರದಲ್ಲಿ. ಗಾಜನ್ನು ಬೆಳಕಿಗೆ ಓರೆಯಾಗಿ ಹಿಡಿದು, ಉಸಿರು ಊದಿ ನೋಡಿದರೆ ಕಾಣುತ್ತವೆ. ಕಿವಿಯ ಕಡೆಯ ಕೆತ್ತನೆಯ ಕೆಳಗೆ ಸೇರಿಕೆಯ ನಂಬರೂ ಇರುತ್ತದೆ. ಕಂಪನಿಯ ನಕ್ಷೆಯ ಮೇಲೆ ಈ ಎರಡು ಗುರುತುಗಳನ್ನು ಕೂರಿಸಿದರೆ ಅಳಿದುಹೋದ ಕೂಡುಗುರುತನ್ನು ಪೆನ್ನಿನಿಂದ ಮತ್ತೆ ಬರೆಯಬಹುದು. ಕಾಕಾನ ಗಾಜಿಗೆ ಹಾಗೇ ಬರೆದು, ಕನ್ನಡಕ ಹಾಕಿಸಿ ಎದುರು ಕೂತೆ. ಗುರುತು ಪಾಪೆಯ ಮೇಲೆ ಇರಲಿಲ್ಲ. ನಾಲ್ಕು ಮಿಲಿಮೀಟರ್ ಮೇಲೆ, ರೆಪ್ಪೆಯ ಹತ್ತಿರ ಕೂತಿತ್ತು.

ಅವರ ದೂರುಗಳೆಲ್ಲ ಒಮ್ಮೆಗೇ ಬಿಡಿಸಿಕೊಂಡವು. ನೆಟ್ಟಗೆ ನೋಡುವಾಗ ಅವರ ಕಣ್ಣು ದೂರದ ಭಾಗವನ್ನು ಬಿಟ್ಟು, ಆಗಲೇ ಓಣಿಯೊಳಗೆ ನಾಲ್ಕು ಮಿಲಿಮೀಟರ್ ಇಳಿದುಬಿಟ್ಟಿತ್ತು. ಮಿಲಿಮೀಟರಿಗೆ 0.14ರ ಲೆಕ್ಕದಲ್ಲಿ ಅರ್ಧ ನಂಬರಿಗೂ ಮಿಕ್ಕಿ ಬೇಡದ ಪ್ಲಸ್. ನಿಜದ ಗಾಜಿನಲ್ಲಿ ಏರಿಕೆ ಮೊದಲು ನಿಧಾನವಾಗಿಯೇ ಶುರುವಾಗುತ್ತದೆ, ಆದ್ದರಿಂದ ಪೂರ್ತಿ ಅಷ್ಟು ಇರಲಿಕ್ಕಿಲ್ಲ. ಆದರೂ ಬಸ್ಸಿನ ಬೋರ್ಡನ್ನು ಮಸುಕು ಮಾಡಲು ಅದು ಧಾರಾಳವಾಯಿತು. ಗದ್ದ ಇಳಿಸಿದರೆ ಗಾಜಿನ ಮೇಲ್ಭಾಗ ಕಣ್ಣಿನೆದುರು ಬಂದು ಬೋರ್ಡು ಸ್ಪಷ್ಟವಾಗುತ್ತದೆ. ಕಾಕಾನ ಕುತ್ತಿಗೆ ಅದನ್ನು ತಾನೇ ಕಂಡುಕೊಂಡಿತ್ತು. ಓದುವ ಭಾಗವೋ ಮೇಲಕ್ಕೇರಿ ಕಣ್ಣಿಗೆ ಸಲೀಸಾಗಿ ಸಿಗುತ್ತಿತ್ತು, ಅದಕ್ಕೇ ಓದಲು ‘ಭಾರೀ ಚಲೋ’. ನೆಲ ತೇಲಿದ್ದೂ ಅದರಿಂದಲೇ. ಒಂದೂವರೆ ಮೀಟರ್ ಆಚೆಯ ಮೆಟ್ಟಿಲನ್ನು ಅವರು ಪತ್ರಿಕೆ ಓದುವ ಪವರಿನಲ್ಲಿ ನೋಡುತ್ತಿದ್ದರು.

ತಪ್ಪು ಉಲ್ಟಾ ಆಗಿದ್ದರೆ, ಗುರುತು ಪಾಪೆಗಿಂತ ಕೆಳಗೆ ಬಿದ್ದಿದ್ದರೆ, ದೂರದ ನೋಟ ಚೆನ್ನಾಗಿರುತ್ತಿತ್ತು, ಓದಲು ಗದ್ದ ಮೇಲೆತ್ತಬೇಕಾಗುತ್ತಿತ್ತು. ಇಂಥವರು ಬಂದು ಹೇಳುವುದು ಕಣ್ಣಿನ ಮಾತನ್ನಲ್ಲ, ಕುತ್ತಿಗೆ ನೋವನ್ನು. ಕಣ್ಣುಗುಡ್ಡೆ ಹೊರಳುವ ಕೇಂದ್ರ ಗಾಜಿನಿಂದ ಸುಮಾರು 27 ಮಿಲಿಮೀಟರ್ ಹಿಂದಿದೆ. ಗುರುತಿನಿಂದ 14 ಮಿಲಿಮೀಟರ್ ಕೆಳಗಿನ ಓದುವ ಜಾಗಕ್ಕೆ ಕಣ್ಣು ಇಳಿಯಲು ಸುಮಾರು 27 ಡಿಗ್ರಿ ತಿರುಗಬೇಕು, ಅದೇ ಕಷ್ಟದ ಗಡಿ. ಗುರುತು ಮೂರು ಮಿಲಿಮೀಟರ್ ಕೆಳಗಿದ್ದರೆ 32 ಡಿಗ್ರಿ. ಅಷ್ಟು ತಿರುಗುವ ಬದಲು ಮನುಷ್ಯ ತಲೆಯನ್ನೇ ಹಿಂದಕ್ಕೆ ವಾಲಿಸುತ್ತಾನೆ. ಇದನ್ನು ಮನೆಯಲ್ಲೇ ಪತ್ತೆ ಮಾಡಬಹುದು. ಓದುವಾಗ ಎರಡು ಬೆರಳಿನಿಂದ ಕನ್ನಡಕವನ್ನು ತುಸು ಮೇಲಕ್ಕೆತ್ತಿ, ಅಕ್ಷರ ತಿಳಿಯಾದರೆ ಗುರುತು ಕೆಳಗಿದೆ. ದೂರ ನೋಡುವಾಗ ಕನ್ನಡಕವನ್ನು ಮೂಗಿನ ಮೇಲೆ ತುಸು ಇಳಿಸಿ, ಬೋರ್ಡು ತಿಳಿಯಾದರೆ ಗುರುತು ಮೇಲಿದೆ. ನಂಬರೇ ತಪ್ಪಿದ್ದರೆ ಹೀಗೆ ಎತ್ತಿ ಇಳಿಸಿದ್ದಕ್ಕೆ ಹೆಚ್ಚೇನೂ ಬದಲಾಗುವುದಿಲ್ಲ.

ಇನ್ನು ನಾನು 24 ಎಂದು ಬರೆದದ್ದು ಹೇಗೆ? ಅಂದು ಅಂಗಡಿಯಲ್ಲಿ ಜನವಿದ್ದರು. ಕಾಕಾ ಗಿಡ್ಡ ಬೆಂಚಿನ ಮೇಲೆ ಕೂತಿದ್ದರು. ನಾನು ನಿಂತಲ್ಲೇ ತುಸು ಬಾಗಿ ಫ್ರೇಮಿನ ಡಮ್ಮಿ ಗಾಜಿನ ಮೇಲೆ ಪೆನ್ನಿನ ಚುಕ್ಕಿ ಇಟ್ಟೆ. ಪಾಪೆಯೂ ಗಾಜೂ ಒಂದೇ ಜಾಗದಲ್ಲಿಲ್ಲ, ಪಾಪೆ ಗಾಜಿಗಿಂತ ಸುಮಾರು ಒಂದೂವರೆ ಸೆಂಟಿಮೀಟರ್ ಹಿಂದಿದೆ. ಕಿಟಕಿಯ ಸರಳಿನ ಆಚೆ ನಿಂತ ಮರವನ್ನು ಎದ್ದು ನೋಡಿದರೆ ಒಂದು ಸರಳಿಗೆ, ಕೂತು ನೋಡಿದರೆ ಇನ್ನೊಂದು ಸರಳಿಗೆ ತಾಗಿದಂತೆ ಕಾಣುವುದಿಲ್ಲವೇ, ಹಾಗೆ. ನಲವತ್ತು ಸೆಂಟಿಮೀಟರ್ ದೂರದಲ್ಲಿ ನನ್ನ ಕಣ್ಣು ಅವರ ಕಣ್ಣಿಗಿಂತ ಹತ್ತು ಸೆಂಟಿಮೀಟರ್ ಮೇಲಿದ್ದರೆ ಸಾಕು, ಚುಕ್ಕಿ ನಾಲ್ಕು ಮಿಲಿಮೀಟರ್ ಮೇಲೆ ಬೀಳುತ್ತದೆ. ಅದೇ ಆಗಿತ್ತು. ಅವರ ನಿಜವಾದ ಎತ್ತರ 20.

ಈಗ ನಾನು ಒಂದೇ ಎತ್ತರದ ಎರಡು ಸ್ಟೂಲು ಇಟ್ಟುಕೊಂಡಿದ್ದೇನೆ. ಕೂತ ಮೇಲೂ ಗಿರಾಕಿ ಎತ್ತರದವರಾದರೆ ನನ್ನ ಸ್ಟೂಲಿನ ಮೇಲೊಂದು ದಿಂಬು. ಅವರು ನನ್ನ ಮೂಗಿನ ಸೇತುವೆಯನ್ನು ನೋಡಬೇಕು. ಒಂದು ಕಣ್ಣು ಮುಚ್ಚಿ ನಾನು ಅವರ ಎದುರುಗಣ್ಣಿನ ಪಾಪೆಗೆ ಚುಕ್ಕಿ ಇಡುತ್ತೇನೆ, ಆಮೇಲೆ ಇನ್ನೊಂದಕ್ಕೆ. ಬಳಿಕ ಅವರನ್ನು ಎಬ್ಬಿಸಿ ಬಾಗಿಲಲ್ಲಿ ನಿಲ್ಲಿಸಿ, ರಸ್ತೆಯಾಚೆಯ ಬೋರ್ಡು ನೋಡಿ ಎನ್ನುತ್ತೇನೆ. ಕೂತಾಗ ಬೆನ್ನು ಬಗ್ಗಿಸುವವರು, ನಿಂತಾಗ ಸೇನೆಯವರಂತೆ ಗದ್ದ ಎತ್ತುವವರು ಬಹಳ. ನಿಂತಾಗಲೂ ಚುಕ್ಕಿ ಪಾಪೆಯನ್ನು ಮುಚ್ಚಿದರೆ ಅಳತೆ ಸರಿ. ಎರಡು ಕಣ್ಣಿನ ಎತ್ತರಕ್ಕೆ ಒಂದು ಮಿಲಿಮೀಟರ್ ವ್ಯತ್ಯಾಸ ಬಂದರೆ ನಾನು ಮೊದಲು ಅನುಮಾನಿಸುವುದು ಕಣ್ಣನ್ನಲ್ಲ, ಸೊಟ್ಟಗೆ ಕೂತ ಫ್ರೇಮನ್ನು. ಒಂದು ಕಿವಿ ಮೇಲಿರುವವರಿಗೆ ಕಡ್ಡಿ ಬಗ್ಗಿಸಿ ಫ್ರೇಮನ್ನು ಮಟ್ಟ ಮಾಡಿಕೊಂಡೇ ಚುಕ್ಕಿ ಇಡಬೇಕು.

ಸ್ಕೇಲ್ ಹಿಡಿಯುವಾಗ ಇನ್ನೊಂದು ಬಲೆಯಿದೆ. ಕೆಳಗಂಚು ಕಿವಿಯ ಕಡೆಗೋ ಮೂಗಿನ ಕಡೆಗೋ ಇಳಿಜಾರಾಗಿರುವ ಫ್ರೇಮುಗಳಲ್ಲಿ, ಮಳೆಹನಿಯಾಕಾರದ ಪೈಲಟ್ ಫ್ರೇಮಿನಂಥವುಗಳಲ್ಲಿ, ಪಾಪೆಯ ನೇರ ಕೆಳಗಿರುವುದು ಅತಿ ಕೆಳಗಿನ ಬಿಂದುವಲ್ಲ. ಪಾಪೆಯಿಂದ ನೇರ ಇಳಿದರೆ 19, ಫ್ರೇಮಿನ ಅತಿ ತಗ್ಗಿನಿಂದ ಅಳೆದರೆ 21 ಬರಬಹುದು. ಲ್ಯಾಬು ಕೇಳುವುದು ಎರಡನೆಯದನ್ನು.

ಎತ್ತರದ ಮಾತು ಇಷ್ಟು. ಅದರ ಜೊತೆಯಲ್ಲೇ ಹೆಣೆದುಕೊಂಡಿರುವುದು ಓರೆ.

ಯಾರಾದರೂ ಕನ್ನಡಕ ಹಾಕಿದವರನ್ನು ಪಕ್ಕದಿಂದ ನೋಡಿ. ಗಾಜು ಗೋಡೆಯಂತೆ ನೆಟ್ಟಗೆ ನಿಂತಿರುವುದಿಲ್ಲ. ಕೆಳಗಂಚು ಕೆನ್ನೆಯ ಕಡೆಗೆ, ಮೇಲಂಚು ಹುಬ್ಬಿನಿಂದ ಆಚೆಗೆ ವಾಲಿರುತ್ತದೆ. ಇದು ಪ್ಯಾಂಟೊಸ್ಕೋಪಿಕ್ ಟಿಲ್ಟ್. ಸಾಮಾನ್ಯವಾಗಿ 8ರಿಂದ 12 ಡಿಗ್ರಿ. ಚೆಂದಕ್ಕೆ ಮಾಡಿದ್ದಲ್ಲ. ನಾವು ದಿನದ ಬಹುಪಾಲು ನೋಡುವುದು ದಿಗಂತಕ್ಕಿಂತ ಕೆಳಗೆ. ಓದಲು ಕಣ್ಣು ಕೆಳಗಿಳಿದಾಗ ಓರೆಯಾದ ಗಾಜು ಆ ನೋಟಕ್ಕೆ ಹೆಚ್ಚು ಎದುರಾಗಿ ನಿಲ್ಲುತ್ತದೆ. ಜೊತೆಗೆ ಓದುವ ಭಾಗ ಕಣ್ಣಿಗೆ ಹತ್ತಿರವಾಗುತ್ತದೆ. ಹತ್ತು ಡಿಗ್ರಿ ಓರೆಯಲ್ಲಿ, ಗುರುತಿನಿಂದ 14 ಮಿಲಿಮೀಟರ್ ಕೆಳಗಿನ ಜಾಗ ಎರಡು ಮಿಲಿಮೀಟರಿಗೂ ಹೆಚ್ಚು ಒಳಸರಿಯುತ್ತದೆ. ಬೀಗದ ಕಿಂಡಿಗೆ ಕಣ್ಣು ಹತ್ತಿರ ಒಯ್ದಷ್ಟೂ ಆಚೆಯ ಕೋಣೆ ಅಗಲವಾಗುತ್ತದೆ, ಇದೂ ಅದೇ. ಒಂದೇ ಗಾಜು, ಓರೆ ಸರಿಯಾಗಿದ್ದರೆ ಪತ್ರಿಕೆಯ ಎರಡು ಅಂಕಣ, ಸಪಾಟಾಗಿದ್ದರೆ ಒಂದೂವರೆ ಅಂಕಣ ಎಂಬಂತೆ.

ಓರೆಗೂ ಎತ್ತರಕ್ಕೂ ಹಳೆಯ ಒಪ್ಪಂದವೊಂದಿದೆ. ಒಂಟಿ ನಂಬರಿನ ಗಾಜಿನಲ್ಲಿ ಎರಡು ಡಿಗ್ರಿ ಓರೆಗೆ ಗಾಜಿನ ನಡುಬಿಂದುವನ್ನು ಒಂದು ಮಿಲಿಮೀಟರ್ ಕೆಳಗಿಳಿಸಬೇಕು ಎಂಬ ನಿಯಮ ನಮ್ಮ ಕಸುಬಿನ ಮೊದಲ ಪಾಠಗಳಲ್ಲಿ ಒಂದು. ಗಾಜಿನ ಅಕ್ಷ ಕಣ್ಣುಗುಡ್ಡೆ ಹೊರಳುವ ಕೇಂದ್ರವನ್ನು, ಆ 27 ಮಿಲಿಮೀಟರ್ ಹಿಂದಿನ ಬಿಂದುವನ್ನು, ಹಾದುಹೋಗಲಿ ಎಂಬುದಕ್ಕೆ ಅದು. ಪ್ರೊಗ್ರೆಸಿವ್‌ನಲ್ಲಿ ಗುರುತನ್ನು ಪಾಪೆಗೇ ಇಡುತ್ತೇವೆ, ಹಾಗಾದರೆ ನಿಯಮ ಎಲ್ಲಿ ಹೋಯಿತು? ಗಾಜಿನೊಳಗೇ ಸೇರಿಕೊಂಡಿದೆ. ಬಹಳಷ್ಟು ಕಂಪನಿಗಳ ಗಾಜಿನಲ್ಲಿ ಆ ಎರಡು ಕೆತ್ತನೆಗಳ ನಡುಬಿಂದು ಕೂಡುಗುರುತಿಗಿಂತ ಸುಮಾರು 4 ಮಿಲಿಮೀಟರ್ ಕೆಳಗಿರುತ್ತದೆ. ಎರಡರ ಲೆಕ್ಕದಲ್ಲಿ ಗುಣಿಸಿದರೆ 8 ಡಿಗ್ರಿ. ಮುಖದ ಮೇಲೆ ಫ್ರೇಮು ಒಂದು ಸಾಧಾರಣ ಓರೆಯಲ್ಲಿ ಕೂರುತ್ತದೆ ಎಂಬ ನಂಬಿಕೆಯ ಮೇಲೆಯೇ ಗಾಜು ತಯಾರಾಗಿರುತ್ತದೆ. ಫ್ರೇಮು ಸಪಾಟಾಗಿ ಕೂತರೆ ಆ ನಂಬಿಕೆ ಸುಳ್ಳಾಗುತ್ತದೆ.

ಸುಳ್ಳಾದರೆ ಎಷ್ಟು ನಷ್ಟ ಎಂಬುದು ನಂಬರಿನ ಮೇಲಿದೆ. ಪ್ಲಸ್ ಒಂದರವರಿಗೆ ಓರೆಯ ಎರಡು-ಮೂರು ಡಿಗ್ರಿ ವ್ಯತ್ಯಾಸ ಗೊತ್ತೇ ಆಗಲಿಕ್ಕಿಲ್ಲ. ಅದೇ ಮೈನಸ್ 6ರ ಗಾಜಿನ ನಡುಬಿಂದುವಿನ ಮೂಲಕ ನೋಡುತ್ತಿರುವಾಗ ಅದನ್ನು 15 ಡಿಗ್ರಿ ವಾಲಿಸಿದರೆ ಪವರ್ 6.13ಕ್ಕೆ ಏರಿ, ಚೀಟಿಯಲ್ಲಿ ಇಲ್ಲದ 0.44 ಸಿಲಿಂಡರ್ ಹೊಸದಾಗಿ ಹುಟ್ಟುತ್ತದೆ. ಡಾಕ್ಟರು ಬರೆಯದ, ಲ್ಯಾಬು ಕೊರೆಯದ ನಂಬರು, ಕಡ್ಡಿಯ ಬಾಗಿನಿಂದ ಬಂದದ್ದು! ಈಗ ಕಂಪ್ಯೂಟರಿನ ಲೆಕ್ಕದಲ್ಲಿ ಕೊರೆಯುವ ಫ್ರೀಫಾರ್ಮ್ ಗಾಜುಗಳು ಇದನ್ನು ಮೊದಲೇ ಸರಿಹೊಂದಿಸಬಲ್ಲವು. ಆದರೆ ಅವಕ್ಕೆ ಓರೆ ಎಷ್ಟು, ಗಾಜು ಕಣ್ಣಿನಿಂದ ಎಷ್ಟು ದೂರ, ಫ್ರೇಮು ಮುಖದ ಸುತ್ತ ಎಷ್ಟು ಬಾಗಿದೆ ಎಂಬ ಅಂಕಿಗಳು ಬೇಕು. ಆರ್ಡರ್ ಫಾರ್ಮಿನಲ್ಲಿ ಆ ಮೂರು ಮನೆ ಖಾಲಿ ಬಿಟ್ಟರೆ ಕಂಪನಿ ತನ್ನ ಸರಾಸರಿ ಮುಖದ ಅಂಕಿ ಹಾಕಿಕೊಳ್ಳುತ್ತದೆ. ದುಬಾರಿ ಗಾಜಿನ ದುಡ್ಡು ಕೊಟ್ಟು ಸರಾಸರಿ ಮುಖದ ಕನ್ನಡಕ ಕೊಂಡ ಹಾಗೆ. ಅಂಥ ಫಾರ್ಮುಗಳನ್ನು ನಾನು ಬಹಳ ಕಂಡಿದ್ದೇನೆ.

ಸರಾಸರಿ ಮುಖ ಎಂಬುದು ನಮ್ಮ ಈ ನಾಲ್ಕು ತಾಲ್ಲೂಕುಗಳಲ್ಲಿ ಹುಡುಕಿದರೂ ಸಿಗುವುದಿಲ್ಲ. ಹಳಿಯಾಳದ ಮರಾಠಾ ರೈತ, ಜೋಯಿಡಾದ ಕುಣಬಿ ಹೆಂಗಸು, ಹಳಿಯಾಳ-ಮುಂಡಗೋಡದ ಹಳ್ಳಿಗಳ ಸಿದ್ದಿಗಳು, 1966ರಿಂದ ಮುಂಡಗೋಡದ ಬಳಿ ನೆಲೆಸಿರುವ ಟಿಬೆಟನ್ನರು, ಎಲ್ಲರ ಮೂಗಿನ ಸೇತುವೆಯೂ ಬೇರೆ. ಅಂಗಡಿಗೆ ಬರುವ ಫ್ರೇಮುಗಳಾದರೋ ಬಹುತೇಕ ಒಂದೇ ಬಗೆಯ ಎತ್ತರದ ಮೂಗಿಗೆ ಅಚ್ಚು ಹಾಕಿದವು. ಕಣ್ಣುಗಳ ನಡುವೆ ಸೇತುವೆ ತಗ್ಗಾಗಿರುವವರ ಮುಖದಲ್ಲಿ ದಪ್ಪ ಪ್ಲಾಸ್ಟಿಕ್ ಫ್ರೇಮು ಮೂಗನ್ನು ಬಿಟ್ಟು ಕೆನ್ನೆಯ ಮೇಲೆ ಕೂರುತ್ತದೆ. ಕೆನ್ನೆ ಕೆಳಗಂಚನ್ನು ಹೊರಕ್ಕೆ ತಳ್ಳುತ್ತದೆ. ಓರೆ ಹತ್ತರಿಂದ ಸೊನ್ನೆಗೆ ಬರುತ್ತದೆ, ಕೆಲವೊಮ್ಮೆ ಉಲ್ಟಾ ವಾಲುತ್ತದೆ. ನಕ್ಕರೆ ಇಡೀ ಕನ್ನಡಕ ಮೇಲಕ್ಕೇಳುತ್ತದೆ. ಅಳತೆ ತೆಗೆಯುವಾಗ ಗಿರಾಕಿಯನ್ನು ನಗಿಸುವ ಅಭ್ಯಾಸವಿದ್ದ ನನಗೆ ಇದು ಗೊತ್ತಾಗಲು ತಡವಾಯಿತು.

ಮುಂಡಗೋಡದ ಶಿಬಿರದಿಂದ ಬಂದ ವಯಸ್ಸಾದ ಭಿಕ್ಷುವೊಬ್ಬರ ಕನ್ನಡಕ ಹೀಗೇ ಆಗಿತ್ತು. ಎಲ್ಲಿಯೋ ಮಾಡಿಸಿದ್ದು, ಪಿ.ಡಿ. ಸರಿಯಾಗಿತ್ತು. ಅಲ್ಲಿನ ಡ್ರೆಪುಂಗ್, ಗಾಂಡೆನ್ ಮಠಗಳಲ್ಲಿ ಓದುವ ಗ್ರಂಥ ನಮ್ಮ ಪುಸ್ತಕದ ಹಾಗಿಲ್ಲ. ‘ಪೇಚಾ’ ಎನ್ನುತ್ತಾರೆ, ತಾಳೆಗರಿಯ ಕಟ್ಟನ್ನು ನೆನಪಿಸುವ, ಹೊಲಿಯದ ಉದ್ದುದ್ದ ಹಾಳೆಗಳು. ಸಾಲು ಎಡದಿಂದ ಬಲಕ್ಕೆ ಹೋಗಿ ಮುಗಿಯುವುದೇ ಇಲ್ಲವೇನೋ ಎನ್ನಿಸುವಷ್ಟು ಉದ್ದ. ಚಕ್ಕಳಮಕ್ಕಳ ಹಾಕಿ ಕೂತು, ಮುಂದಿನ ಗಿಡ್ಡ ಮೇಜಿನ ಮೇಲೆ ಇಟ್ಟು, ನೆಟ್ಟ ಬೆನ್ನಿನಲ್ಲಿ ಓದುತ್ತಾರೆ. ಅಂದರೆ ನೋಟ ಬಹಳ ಕೆಳಗೆ, ಬಹಳ ಅಗಲ, ಮತ್ತು ಕೈಯಲ್ಲಿ ಹಿಡಿದ ಪುಸ್ತಕಕ್ಕಿಂತ ದೂರ. ಪ್ರೊಗ್ರೆಸಿವ್ ಗಾಜಿಗೆ ಇದಕ್ಕಿಂತ ಕಠಿಣ ಪರೀಕ್ಷೆ ಇರಲಿಕ್ಕಿಲ್ಲ. ಅವರ ಫ್ರೇಮು ಜಾರಿ ಮೂರು ಮಿಲಿಮೀಟರ್ ಕೆಳಗೆ ಕೂತಿತ್ತು, ಓರೆ ಸೊನ್ನೆ. ಓದುವ ಕಿಂಡಿ ಕೆಳಗೂ ಹೋಗಿತ್ತು, ಕಣ್ಣಿನಿಂದ ದೂರವೂ ಹೋಗಿತ್ತು. ಸಾಲಿನ ಉದ್ದಕ್ಕೂ ಇಡೀ ತಲೆಯನ್ನು ತಿರುಗಿಸುತ್ತ, ಸಾಲದ್ದಕ್ಕೆ ಗದ್ದ ಎತ್ತಿ ಓದುತ್ತಿದ್ದರು.

ಆ ಗಾಜನ್ನು ಉಳಿಸಲು ಆಗಲಿಲ್ಲ. ಲೋಹದ ಫ್ರೇಮು, ತಂತಿಯ ತೋಳಿನ ಮೇಲೆ ನಿಂತ ಸಿಲಿಕಾನ್ ನೋಸ್ ಪ್ಯಾಡ್ ಇರುವಂಥದ್ದು ಆರಿಸಿದೆವು. ಪ್ಯಾಡುಗಳನ್ನು ಒಳಕ್ಕೆ ತಂದು ಫ್ರೇಮನ್ನು ಕೆನ್ನೆಯಿಂದ ಬಿಡಿಸಿ, ಕಡ್ಡಿಯ ಕೀಲಿನ ಬಳಿ ಇಕ್ಕಳದಿಂದ ಬಾಗಿಸಿ ಓರೆಯನ್ನು ಹತ್ತಿರ ಹತ್ತಿರ 9 ಡಿಗ್ರಿಗೆ ತಂದೆ. ಕಿವಿಯ ಹಿಂದಿನ ಬಾಗು ಸರಿಪಡಿಸಿ ತಲೆ ಅಲ್ಲಾಡಿಸಲು ಹೇಳಿದೆ, ಜಾರಲಿಲ್ಲ. ಇಷ್ಟಾದ ಮೇಲೆ ಚುಕ್ಕಿ ಇಟ್ಟೆ. ಈ ಕ್ರಮ ತಿರುಗಿಸಲು ಬರುವುದಿಲ್ಲ. ಮೊದಲು ಚುಕ್ಕಿ ಇಟ್ಟು, ಗಾಜು ಬಂದ ಮೇಲೆ ಪ್ಯಾಡು ಬಗ್ಗಿಸಿದರೆ ಎತ್ತರ, ಓರೆ, ಕಣ್ಣಿನಿಂದ ದೂರ ಮೂರೂ ಬದಲಾಗಿ ಹಳೆಯ ಅಳತೆ ಯಾರದೋ ಅಳತೆಯಾಗುತ್ತದೆ. ಓರೆಯನ್ನು ಅಳೆಯಲು ನನ್ನ ಹತ್ತಿರ ಇರುವುದು ಕೋನಮಾಪಕಕ್ಕೆ ದಾರ ಕಟ್ಟಿ ತುದಿಗೊಂದು ನಟ್ಟು ತೂಗಿಬಿಟ್ಟ ಸಾಧನ. ಗಿರಾಕಿ ತಮ್ಮ ಸಹಜ ನಿಲುವಿನಲ್ಲಿ ನಿಂತಿರುವಾಗ ಪಕ್ಕದಿಂದ ಹಿಡಿದರೆ ದಾರವೇ ಡಿಗ್ರಿ ಹೇಳುತ್ತದೆ. ಒಂದೆರಡು ಡಿಗ್ರಿ ಆಚೀಚೆಯಾದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ.

ಆದರೂ ಆ ಭಿಕ್ಷುವಿಗೆ, ದಿನಕ್ಕೆ ಗಂಟೆಗಟ್ಟಲೆ ಪೇಚಾ ಓದಲು ಪ್ರೊಗ್ರೆಸಿವ್ ಬೇಡ, ಅದೇ ದೂರಕ್ಕೆ ಹೊಂದುವ ಒಂಟಿ ನಂಬರಿನ ಚಸ್ಮಾ ಬೇರೆ ಮಾಡಿಸಿಕೊಳ್ಳಿ ಎಂದೆ. ಎಷ್ಟು ಚೆನ್ನಾಗಿ ಅಳೆದರೂ ಮಿಂಕ್ವಿಟ್ಜ್‌ನ ಲೆಕ್ಕ ಮೀರಲು ಆಗದು. ಹಳೆ ಬಟ್ಟೆಯ ತುಂಡುಗಳನ್ನು ಮಡಿಲ ತುಂಬ ಹರಡಿಕೊಂಡು ಕವಂದಿ ಹೊಲಿಯುವ ಸಿದ್ದಿ ಹೆಂಗಸರಿಗೂ ಇದೇ ಮಾತು. ಅವರಿಗೆ ಇಡೀ ಮಡಿಲು ಒಮ್ಮೆಗೆ ಕಾಣಬೇಕು, ಓಣಿಯಲ್ಲ. ಪ್ರೊಗ್ರೆಸಿವ್ ಒಪ್ಪುವುದು ದೂರ, ನಡು, ಹತ್ತಿರ ಎಲ್ಲವನ್ನೂ ಬದಲಿಸಿ ಬದಲಿಸಿ ನೋಡುವವರಿಗೆ. ಕ್ಲಾಸಿನ ಕೊನೆಯ ಬೆಂಚನ್ನೂ ಹಾಜರಿ ಪುಸ್ತಕವನ್ನೂ ನೋಡುವ ಮಾಸ್ತರರಿಗೆ, ಗಲ್ಲಾಪೆಟ್ಟಿಗೆಯ ಹಿಂದೆ ಕೂತವರಿಗೆ.

ಜೋಯಿಡಾದ ಕಡೆಯಿಂದ ಬರುವವರ ವಿಷಯದಲ್ಲಿ ಇನ್ನೊಂದು ಸಂಗತಿ ಸೇರುತ್ತದೆ. ಅಲ್ಲಿನ ಮಳೆಗಾಲದಲ್ಲಿ ಮೂಗು ಒಣಗಿರುವುದೇ ಅಪರೂಪ, ಕನ್ನಡಕ ಜಾರುತ್ತಲೇ ಇರುತ್ತದೆ. ಅಣಶಿ ಘಟ್ಟದ ತಿರುವಿನಲ್ಲಿ ಬೈಕು ಓಡಿಸುವವರು ಹೆಲ್ಮೆಟ್ ಒಳಗೆ ಕಡ್ಡಿ ತುರುಕುವಾಗಲೂ ಫ್ರೇಮು ಮೇಲೋ ಕೆಳಗೋ ಸರಿಯುತ್ತದೆ. ಹಾಗೆ ಜಾರಿ ಗಾಜು ಕಣ್ಣಿನಿಂದ 4 ಮಿಲಿಮೀಟರ್ ದೂರ ಹೋದರೆ ಮೈನಸ್ 8ರವರಿಗೆ ಕಾಲು ನಂಬರು ಕಡಿಮೆಯಾದ ಹಾಗೆ. ಅವರಿಗೆ ನಾನು ಹೆಲ್ಮೆಟ್ ಜೊತೆಗೇ ಬನ್ನಿ ಎನ್ನುತ್ತೇನೆ. ಪ್ಯಾಡು ಸವೆದು ಹಳದಿಯಾಗಿದ್ದರೆ ಬದಲಿಸಲು ಹೆಚ್ಚು ದುಡ್ಡು ಬೇಕಿಲ್ಲ. ಅದನ್ನು ಬಿಟ್ಟು ‘ನಂಬರು ಬದಲಾಗಿದೆ’ ಎಂದು ಹುಬ್ಬಳ್ಳಿಗೆ ಹೋಗಿಬಂದವರನ್ನು ಬಲ್ಲೆ.

ಫ್ರೇಮು ಆರಿಸುವಾಗಲೂ ಎತ್ತರ ತನ್ನ ಹಕ್ಕು ಕೇಳುತ್ತದೆ. ಗುರುತಿನ ಕೆಳಗೆ 14 ಮಿಲಿಮೀಟರ್ ಓಣಿ, ಅದರ ಕೆಳಗೆ ಓದಲು ಒಂದಿಷ್ಟು ಜಾಗ. ಅದಕ್ಕೇ ಇಂಥ ಗಾಜಿಗೆ ಕನಿಷ್ಠ 18 ಎತ್ತರ ಬೇಕೆನ್ನುತ್ತಾರೆ. ಗಿಡ್ಡ ಓಣಿಯ ಗಾಜುಗಳು 14ಕ್ಕೂ ಸಿಗುತ್ತವೆ. ಆದರೆ ಓಣಿ ಗಿಡ್ಡವಾದಷ್ಟೂ ಪವರ್ ಕಡಿದಾಗಿ ಏರಿ, ಬದಿಯ ಮಸುಕು ಅಷ್ಟೇ ಬೇಗ ಒತ್ತಿಕೊಂಡು ಬರುತ್ತದೆ. ಮಗ ಬೆಂಗಳೂರಿನಿಂದ ಮೊಬೈಲಿನಲ್ಲೇ ಅಪ್ಪನಿಗೆ ಸಣ್ಣ, ಚೆಂದದ ಫ್ರೇಮು ಆರಿಸಿ, ಚೀಟಿಯ ಫೋಟೋ ಮತ್ತು ಪಿ.ಡಿ. ಕಳಿಸಿ ತರಿಸಿದ ಪ್ರೊಗ್ರೆಸಿವ್‌ಗಳು ಓದುವ ಭಾಗವನ್ನೇ ಕತ್ತರಿಸಿಕೊಂಡು ಬರುವುದು ಹೀಗೆ. ಅಪ್ಪನ ಪಾಪೆ ಆ ಫ್ರೇಮಿನಲ್ಲಿ ಎಲ್ಲಿ ನಿಲ್ಲುತ್ತದೆ ಎಂಬುದು ಆ ಫ್ರೇಮು ಆ ಮೂಗಿನ ಮೇಲೆ ಕೂರುವ ತನಕ ಯಾರಿಗೂ ಗೊತ್ತಿಲ್ಲ. ಚೀಟಿ ಕಣ್ಣಿನದು, ಎತ್ತರ ಮತ್ತು ಓರೆ ಆ ಕಣ್ಣು, ಆ ಮೂಗು, ಆ ಫ್ರೇಮು ಮೂರೂ ಕೂಡಿದಾಗ ಹುಟ್ಟುವ ಅಂಕಿಗಳು. ಫ್ರೇಮು ಬದಲಿಸಿದರೆ ಅವೂ ಬದಲಾದವು.

ಕಾಕಾನ ಕಥೆಗೆ ಬರುತ್ತೇನೆ. ಪ್ಯಾಡುಗಳನ್ನು ಅಗಲಿಸಿ ಫ್ರೇಮನ್ನು ಒಂದೂವರೆ ಮಿಲಿಮೀಟರ್ ಇಳಿಸಿ ನೋಡಿದೆ. ಬೋರ್ಡು ಸುಧಾರಿಸಿತು, ಗದ್ದ ಪೂರ್ತಿ ಮೇಲೇಳಲಿಲ್ಲ. ಪ್ಯಾಡಿನಿಂದ ತಿದ್ದಬಹುದಾದದ್ದು ಅಷ್ಟೇ, ನಾಲ್ಕನ್ನು ಅದು ನುಂಗಲಾರದು. ತಪ್ಪು ನನ್ನದು ಎಂದು ಒಪ್ಪಿಕೊಂಡು, 20ರ ಎತ್ತರ, 10 ಡಿಗ್ರಿ ಓರೆ ಬರೆದು ಹೊಸ ಗಾಜಿಗೆ ಕಳಿಸಿದೆ.

ಹತ್ತು ದಿನದ ಮೇಲೆ ಗಾಜು ಬಂತು. ಈ ಸಲ ಲ್ಯಾಬಿನ ಹಳದಿ ಮುದ್ರೆಯನ್ನು ಒರೆಸದೆ ಹಾಗೇ ಮುಖಕ್ಕೆ ಹಾಕಿಸಿದೆ. ಅವರ ಸ್ಟೂಲಿನೆದುರು ನನ್ನ ಸ್ಟೂಲು ಎಳೆದುಕೊಂಡು ಕೂತೆ. ಬಲಗಣ್ಣಿನ ಕೂಡುಗುರುತು ಪಾಪೆಯ ನಟ್ಟನಡುವೆ, ಎಡಗಣ್ಣಿನದೂ ಹಾಗೇ. ಕೈಗೆ ಕನ್ನಡಿ ಕೊಟ್ಟು ತೋರಿಸಿದೆ. ಅವರು ತಿರುಗಿಸಿ ಮುರುಗಿಸಿ ನೋಡಿಕೊಂಡು, ಎದ್ದು ಬಾಗಿಲಿಗೆ ಹೋಗಿ, ಗದ್ದ ಎತ್ತಿಕೊಂಡೇ ರಸ್ತೆಯಾಚೆಯ ಬೋರ್ಡುಗಳನ್ನೆಲ್ಲ ಒಂದೊಂದಾಗಿ ಜೋರಾಗಿ ಓದಿದರು. ನಾನು ಮುದ್ರೆ ಒರೆಸಲು ಸ್ಪಿರಿಟ್ಟು, ಹತ್ತಿ ತೆಗೆದೆ.

“ಒರಸಬ್ಯಾಡ್ರಿ, ಇರ್‍ಲಿ” ಎಂದರು ಕಾಕಾ. “ಮನೀಗೆ ಹೋಗಿ ನಮ್ಮಾಕಿಗೆ ತೋರಸ್ತೀನಿ. ಹದಿನೈದು ದಿನದಿಂದ ನನಗ ಕುತ್ತಿಗಿ ಬಗ್ಗಿತು, ವಯಸ್ಸಾತು ಅನಾಕಹತ್ಯಾಳ.”